ಇಲ್ಲಿ ಎಲ್ಲರೂ ಕ್ಷೇಮ

ಮಂಗಳವಾರ ಬೆಳಗಿನ ಪಾಳಿ ಮುಗಿಯಲು ಇನ್ನೂ ಒಂದು ಗಂಟೆ ಇತ್ತು. ದೆಹಲಿಯ ಹೊರಗಿನ ಮಾನೇಸರದ ಆ ಕಾರ್ಖಾನೆಯಲ್ಲಿ ತಗಡನ್ನು ಒತ್ತಿ ಕಾರಿನ ಬಾಗಿಲಿನ ಕೀಲುಗಳನ್ನು ಮಾಡುವ ಎರಡನೆಯ ಪ್ರೆಸ್ಸು, ಯಾರೂ ಗುಂಡಿ ಮುಟ್ಟದೆ ಇದ್ದಾಗ, ತಾನಾಗಿ ಇನ್ನೊಮ್ಮೆ ಕೆಳಗಿಳಿಯಿತು. ಸಿದ್ಧವಾದ ಕೀಲನ್ನು ಹೊರಗೆ ತೆಗೆಯುತ್ತಿದ್ದ ರಾಮ್‌ಸುಮೇರನ ಬಲಗೈ ಮಣಿಕಟ್ಟಿನವರೆಗೆ ಅದರ ಅಡಿಯಲ್ಲಿತ್ತು. ಅವನು ಕೂಗಲಿಲ್ಲ. ಪ್ರೆಸ್ಸು ಮೇಲೆದ್ದ ಮೇಲೆ ತನ್ನ ಕೈಯಿದ್ದ ಜಾಗವನ್ನು ನೋಡಿ, ಮೆಲ್ಲಗೆ ನೆಲದ ಮೇಲೆ ಕುಳಿತುಕೊಂಡ. ಕೂಗಿದವರು ಉಳಿದವರು.

ಮಹಡಿಯ ಕಚೇರಿಯಲ್ಲಿದ್ದ ಇಂದುಶೇಖರರು ಆ ಕೂಗನ್ನು ಕೇಳಿ ಇಳಿದು ಬಂದರು. ಅವರಿಗೆ ಅರವತ್ತೈದು ವರ್ಷ. ತಿಪಟೂರಿನ ಕಡೆಯಿಂದ ಇಪ್ಪತ್ತೈದನೆಯ ವಯಸ್ಸಿಗೆ ದೆಹಲಿಗೆ ಬಂದು, ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿ ಸೇರಿ, ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿ, ನಿವೃತ್ತರಾಗಿ, ದೆಹಲಿಯ ದ್ವಾರಕೆ ಬಡಾವಣೆಯ ವಸತಿ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿ ಹೆಂಡತಿ ವಾಸಂತಿಯೊಡನೆ ನೆಲೆ ನಿಂತವರು. ನಡುವೆ ಮೂರು ವರ್ಷ ಆಫ್ರಿಕಾದ ಡಕಾರ್ ನಗರದ ನಮ್ಮ ರಾಯಭಾರ ಕಚೇರಿಯಲ್ಲಿ ಇದ್ದರು. ಅಲ್ಲಿ ಫ್ರೆಂಚ್ ಕಲಿತರು. ಬೀದಿಯಲ್ಲಿ ಅಲ್ಲ, ಕಡತಗಳಲ್ಲಿ. ಒಂದು ದೇಶ ಇನ್ನೊಂದು ದೇಶಕ್ಕೆ ಬರೆಯುವ ಓಲೆಗಳು ಹೇಗೆ ಆರಂಭವಾಗುತ್ತವೆಂದರೆ, ‘ರಾಯಭಾರ ಕಚೇರಿಯು ಘನ ಸಚಿವಾಲಯಕ್ಕೆ ತನ್ನ ಗೌರವವನ್ನು ಸಲ್ಲಿಸುತ್ತ, ಈ ಕೆಳಗಿನದನ್ನು ಅರಿಕೆ ಮಾಡುವ ಮಾನವನ್ನು ಪಡೆಯುತ್ತದೆ’ ಎಂದು. ಆ ಜರತಾರಿಯ ಭಾಷೆಯನ್ನು ಅವರು ಪ್ರೀತಿಸಿದರು. ನಿವೃತ್ತಿಯ ವರ್ಷವೇ ಈ ಕಾರ್ಖಾನೆ ಫ್ರಾನ್ಸಿನಿಂದ ನಾಲ್ಕು ಪ್ರೆಸ್ಸುಗಳನ್ನು ತರಿಸಿದಾಗ, ಪತ್ರವ್ಯವಹಾರಕ್ಕೆಂದು ಅವರನ್ನು ಕರೆದುಕೊಂಡರು.

ರಾಮ್‌ಸುಮೇರನನ್ನು ಟೆಂಪೋದಲ್ಲಿ ಮಲಗಿಸುವಾಗ ಇಂದುಶೇಖರರು ಅವನ ಕಾಲುಗಳನ್ನು ಹಿಡಿದಿದ್ದರು. ಅವರ ಉಣ್ಣೆಯ ಕೋಟಿನ ತುಂಬ ರಕ್ತ. ಟೆಂಪೋ ಹೋದ ಕಾಲು ಗಂಟೆಗೆ ಫ್ಯಾಕ್ಟರಿ ಮ್ಯಾನೇಜರ್ ಖುರಾನಾ ಪ್ರೆಸ್ಸಿನ ಕೆಳಗೆ ನೀರು ಹೊಯ್ಯಿಸಿದ. ಮಧ್ಯಾಹ್ನದ ಪಾಳಿಗೆ ಅದನ್ನು ಮತ್ತೆ ನಡೆಸಿದ.

“ಅದು ನಿಲ್ಲಬೇಕು ಸರ್,” ಎಂದಳು ಹರ್ಷಿಣಿ. ಅವಳು ಯಂತ್ರಗಳ ರಿಪೇರಿ ವಿಭಾಗದ ಎಂಜಿನಿಯರು, ದಾವಣಗೆರೆಯ ಹುಡುಗಿ, ಬಂದು ಎರಡು ವರ್ಷವಾಗಿತ್ತು. “ಗುಂಡಿ ಒತ್ತದೆ ಕೆಳಗೆ ಬಂದಿದೆ. ನಾನು ಎಲ್ಲರನ್ನೂ ಕೇಳಿದೆ.”

“ಅವರು ಹಾಗೆ ಹೇಳದೆ ಇನ್ನೇನು ಹೇಳ್ತಾರೆ? ಬೆಳಕಿನ ಪರದೆಗೆ ತಂತಿ ಸುತ್ತಿ ಮೋಸ ಮಾಡಿರ್ತಾರೆ.” ಪ್ರೆಸ್ಸಿನ ಬಾಯಿಗೆ ಅಡ್ಡವಾಗಿ ಬೆಳಕಿನ ಕಿರಣಗಳ ಒಂದು ಕಾವಲಿತ್ತು; ಕೈ ಅಡ್ಡ ಬಂದರೆ ಯಂತ್ರ ನಿಲ್ಲಬೇಕು. “ಮಾಡಿದ ಕಂಪನಿಯವರು ಯಂತ್ರದ್ದೇ ತಪ್ಪು, ನಿಲ್ಲಿಸಿ ಅಂತ ಬರೆದುಕೊಡಲಿ. ಅವತ್ತೇ ನಿಲ್ಲಿಸ್ತೀನಿ. ಇಂದು ಜೀ, ಬರೀರಿ ನಿಮ್ಮ ಫ್ರೆಂಚರಿಗೆ. ಆದರೆ ಸ್ವಲ್ಪ ನಯವಾಗಿ. ಆ ಮನುಷ್ಯ ನಮ್ಮ ಮೇಲೆ ಸಿಟ್ಟಾಗಿದ್ದಾನೆ.”

ಆ ಸಿಟ್ಟಿಗೆ ಕಾರಣವಿತ್ತು. ಪ್ರೆಸ್ಸುಗಳನ್ನು ಜೋಡಿಸಿಕೊಡಲು ಬಂದಿದ್ದ ತೆಸ್ಸಿಯೇ ಎಂಬ ಎಂಜಿನಿಯರು ಊರಿಗೆ ಮರಳಿದ ಮೇಲೆ ಮೂರು ಪತ್ರ ಬರೆದಿದ್ದ: ಪ್ರೆಸ್ಸನ್ನು ನಡೆಸಿ ನಿಲ್ಲಿಸುವ ಗಾಳಿಯ ಕವಾಟಗಳನ್ನು ವರ್ಷಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಅನಾಹುತವಾಗುತ್ತದೆ ಎಂದು. ಮೂರನ್ನೂ ಅನುವಾದಿಸಿ ಖುರಾನಾನ ಮೇಜಿನ ಮೇಲಿಟ್ಟವರು ಇಂದುಶೇಖರರೇ. ಅವನು ‘ಸುಮ್ಮನಿರಿ’ ಎಂದ, ಇವರು ಸುಮ್ಮನಿದ್ದರು. ಹಾಗೆ ನಾಲ್ಕು ವರ್ಷ ಕಳೆದಿದ್ದವು.

ಸಂಜೆ ನಾಲ್ಕೂವರೆಗೆ ಅವರು ಕಂಪ್ಯೂಟರಿನ ಮುಂದೆ ಕುಳಿತರು. ಫ್ರಾನ್ಸಿನಲ್ಲಿ ಆಗ ಮಧ್ಯಾಹ್ನ ಹನ್ನೆರಡು. ಹರ್ಷಿಣಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು.

“ಅಂಕಲ್, ಮೊದಲನೇ ಸಾಲಿನಲ್ಲೇ ಹಾಕಿ. ಕೈ ಹೋಗಿದೆ, ಯಂತ್ರ ತಾನೇ ಇಳೀತಿದೆ, ನಿಲ್ಲಿಸಬೇಕಾ? ಮುಗೀತು.”

“ನಾಲ್ಕು ವರ್ಷ ಮುಖ ತೋರಿಸದವರು ಚಪ್ಪಲಿ ಕಾಲಲ್ಲೇ ದೇವರ ಮನೆಗೆ ನುಗ್ಗಿದ ಹಾಗಾಗುತ್ತಮ್ಮ. ಫ್ರೆಂಚರು ಮರ್ಯಾದೆಯ ಜನ. ಇದು ಜನವರಿ. ತಿಂಗಳು ಮುಗಿಯುವವರೆಗೂ ಹೊಸ ವರ್ಷದ ಶುಭಾಶಯ ಹೇಳದೆ ಅವರಿಗೆ ಕಾಗದ ಬರೆಯೋದಿಲ್ಲ.”

“ರಾಮ್‌ಸುಮೇರ್‌ಗೆ ಯಾವ ಹೊಸ ವರ್ಷ ಅಂಕಲ್?”

“ನೀನು ಯಂತ್ರ ನೋಡ್ಕೋ. ಅಕ್ಷರ ನನಗೆ ಬಿಡು.”

ಅವರು ಬರೆದರು. ಇಂಗ್ಲಿಷಿನ ಆ ಕೀಲಿಮಣೆಯಲ್ಲಿ ಫ್ರೆಂಚಿನ ಒಂದೊಂದು ಸ್ವರಚಿಹ್ನೆಗೂ ಎಡಗೈಯಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಅದರ ಅಂಕಿಗಳನ್ನು ಕುಟ್ಟಬೇಕು. ಅವರಿಗೆ ಎಲ್ಲ ಅಂಕಿಗಳೂ ಬಾಯಿಪಾಠ; ಒಂದು ಚಿಹ್ನೆಯನ್ನೂ ಬಿಡಲಿಲ್ಲ. ವಿಷಯದ ಜಾಗದಲ್ಲಿ ‘ಶುಭಾಶಯಗಳು ಮತ್ತು ಮರುಸಂಪರ್ಕ’ ಎಂದು ಬರೆದು, ಹೀಗೆ ಆರಂಭಿಸಿದರು:

‘ಪ್ರಿಯ ಮಹಾಶಯರೇ, ಹೊಸ ವರ್ಷದ ಈ ಹೊಸ್ತಿಲಲ್ಲಿ ತಮಗೂ ತಮ್ಮ ಬಂಧುವರ್ಗಕ್ಕೂ ಆರೋಗ್ಯವನ್ನೂ ಸಂತೋಷವನ್ನೂ ಹಾರೈಸುವ ಮಾನವನ್ನು ಪಡೆದಿದ್ದೇನೆ. ನಮ್ಮ ದೀರ್ಘ ಮೌನವನ್ನು ತಮ್ಮ ಸಹಜವಾದ ಔದಾರ್ಯದಿಂದ ಮನ್ನಿಸುವಿರೆಂಬ ಭರವಸೆ ನನಗಿದೆ. ತಾವು ಇಲ್ಲಿ ಕಳೆದ ದಿನಗಳನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಇಲ್ಲಿ ಎಲ್ಲರೂ ಕ್ಷೇಮ.’

ಕೊನೆಯ ಆ ವಾಕ್ಯವನ್ನು ಡಕಾರ್ ಕಲಿಸಿರಲಿಲ್ಲ. ಅದನ್ನು ಬರೆದದ್ದು ತಿಪಟೂರು. ಉಭಯ ಕುಶಲೋಪರಿ ಎಂದು ತೊಡಗದ ಕಾಗದವನ್ನು ಅವರ ತಂದೆ ಕಾಗದವೆಂದೇ ಎಣಿಸುತ್ತಿರಲಿಲ್ಲ; ಸಾವಿನ ಸುದ್ದಿಯನ್ನು ಬಿಟ್ಟು ಉಳಿದ ಯಾವ ಸುದ್ದಿಗೂ ಮೊದಲು ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಕೈ ತಾನಾಗಿ ಆ ಹಾದಿಯಲ್ಲಿ ನಡೆಯಿತು. ಆಮೇಲೆ, ಏಳನೆಯ ಸಾಲಿನಲ್ಲಿ, ‘ಎರಡನೆಯ ಪ್ರೆಸ್ಸಿನ ನಡವಳಿಕೆಯ ಬಗ್ಗೆ ಒಂದು ವಿನಂತಿ’ ಬಂತು. ಹತ್ತನೆಯ ಸಾಲಿನಲ್ಲಿ ‘ಕಾರ್ಮಿಕರೊಬ್ಬರಿಗೆ ಗಾಯ’ ಬಂತು.

ದೇವರು ನಮ್ಮ ನಾಲಿಗೆಗೆ ಸಕ್ಕರೆಯನ್ನು ಸವರಿದ್ದು ನೊಂದವನಿಗೆ ಸಮಾಧಾನ ಹೇಳಲೆಂದು. ಆ ಸಕ್ಕರೆಯನ್ನೇ ಗಾಯದ ಮೇಲೆ ಸುರಿದು ಮುಚ್ಚಿದರೆ ಅದು ವಿನಯವಲ್ಲ, ಅಂಜಿಕೆ. ಇಂದುಶೇಖರರು ಅಂಜಿದ್ದರು. ಉತ್ತರಿಸದೆ ಬಿಟ್ಟ ಆ ಮೂರು ಪತ್ರಗಳ ನಾಚಿಕೆ ಎದೆಯಲ್ಲಿತ್ತು. ಅದನ್ನು ದಾಟಲು ಹೂವಿನ ಸೇತುವೆ ಕಟ್ಟಿದರು. ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲವೆಂದಲ್ಲ. ಡಕಾರಿನ ಬಂದರಿನಲ್ಲಿ ನಮ್ಮ ನಾವಿಕನೊಬ್ಬ ಸರಪಳಿಗೆ ಸಿಕ್ಕಿ ಸತ್ತಾಗ ಬಂದರಿನ ಅಧಿಕಾರಿ ಬರೆದ ಪತ್ರವನ್ನು ಅವರೇ ಕಡತಕ್ಕೆ ಸೇರಿಸಿದ್ದರು. ‘ಮಹಾಶಯರೇ,’ ಎಂಬ ಒಂದು ಪದ, ಅಲ್ಪವಿರಾಮ, ಮರುಸಾಲಿನಲ್ಲೇ ಸಾವು. ಮರ್ಯಾದೆಯ ಮಾತುಗಳೆಲ್ಲ ಪತ್ರದ ತುದಿಯಲ್ಲಿ, ಸಹಿಯ ಮೇಲೆ, ಉದ್ದಕ್ಕೆ ಇದ್ದವು. ಫ್ರೆಂಚರ ಪತ್ರದಲ್ಲಿ ಮರ್ಯಾದೆಗೆ ಬಾಗಿಲಲ್ಲಿ ಒಂದು ಪದ ಸಾಕು, ಬೀಳ್ಕೊಡುವಾಗ ಒಂದು ಪೂರ್ತಿ ವಾಕ್ಯ ಬೇಕು. ಇದನ್ನು ಬಲ್ಲ ಮನುಷ್ಯ ಅಂದು ಸಂಜೆ ಬಲ್ಲವನಂತೆ ಬರೆಯಲಿಲ್ಲ.

ಉತ್ತರ ಬುಧವಾರ ಮಧ್ಯಾಹ್ನ ಬಂತು. ತೆಸ್ಸಿಯೇಯಿಂದಲ್ಲ, ಅವನ ಅಂಚೆಯನ್ನು ವಿಂಗಡಿಸುವ ಕಾರ್ಯದರ್ಶಿಯಿಂದ. ಜನವರಿಯಲ್ಲಿ ಅವರ ಪೆಟ್ಟಿಗೆಗೆ ಬರುವ ನೂರಾರು ಶುಭಾಶಯಗಳ ಜೊತೆಗೆ ಇದನ್ನೂ ಇಟ್ಟಿದ್ದಳು. ‘ತಮ್ಮ ಹಾರೈಕೆಗಳು ನಮ್ಮ ಮನಸ್ಸನ್ನು ಮುಟ್ಟಿದವು. ತಮ್ಮಲ್ಲಿ ಎಲ್ಲರೂ ಕ್ಷೇಮವೆಂದು ತಿಳಿದು ಮಹಾಶಯರಿಗೆ ಸಂತೋಷವಾಗುವುದು. ಉಳಿದ ವಿಷಯವನ್ನು ಅವರು ಸೋಮವಾರದ ನಂತರ ಗಮನಿಸುವರು.’

ಹರ್ಷಿಣಿ ಅನುವಾದವನ್ನು ಕೇಳಿ ಗೋಡೆಯ ಕಡೆಗೆ ತಿರುಗಿದಳು.

“ಅವರು ಓದಿಯೇ ಇಲ್ಲ ಅಂಕಲ್. ಎಲ್ಲರೂ ಕ್ಷೇಮ ಅನ್ನೋವರೆಗೆ ಓದಿ ಮುಚ್ಚಿದ್ದಾರೆ. ಇವತ್ತೇ ಇನ್ನೊಂದು ಬರೀರಿ.”

ಇಂದುಶೇಖರರು ಖುರಾನಾನನ್ನು ಕೇಳಿದರು. “ಅರೇ, ಸೋಮವಾರ ಅಂದಿದ್ದಾರಲ್ಲ. ಬೆನ್ನು ಹತ್ತಿದರೆ ಹೆದರಿದ್ದೀವಿ ಅಂದ್ಕೋತಾರೆ,” ಎಂದ ಅವನು. ಇಂದುಶೇಖರರು ಅಂದು ಇನ್ನೊಂದು ಕಾಗದ ಬರೆಯಲಿಲ್ಲ. 

ಗುರುವಾರ ಮಧ್ಯಾಹ್ನ ಒಂದೂಕಾಲಿಗೆ ಅದೇ ಪ್ರೆಸ್ಸು ಧರಂಪಾಲನೆಂಬ ಇನ್ನೊಬ್ಬ ಕೆಲಸಗಾರನ ಎಡಗೈಯನ್ನು ತೆಗೆದುಕೊಂಡಿತು. ಈ ಸಲ ಯಂತ್ರ ಮೇಲೇಳಲಿಲ್ಲ. ಕೈಯ ಮೇಲೆಯೇ ನಿಂತಿತು. ಅವನನ್ನು ಬಿಡಿಸಲು ಗಾಳಿಯ ಕೊಳವೆಯನ್ನು ಕಳಚಿ, ನಾಲ್ವರು ಕಬ್ಬಿಣದ ಸಲಾಕೆಗಳಿಂದ ಮೀಟಿದರು. ಹದಿನಾಲ್ಕು ನಿಮಿಷ. ಅಷ್ಟು ಹೊತ್ತೂ ಅವನು ತನ್ನ ತಾಯಿಯನ್ನು ಕರೆಯುತ್ತಿದ್ದ. ಕೊನೆಯ ಎರಡು ನಿಮಿಷ ಕರೆಯಲಿಲ್ಲ. ಕೈ ಬಿಟ್ಟುಕೊಂಡಾಗ ಸಲಾಕೆಗಳು ನಾಲ್ವರ ಕೈಯಲ್ಲೇ ಇದ್ದವು. ಅವರು ಅವುಗಳನ್ನು ಕೆಳಗಿಡಲಿಲ್ಲ.

ಮೊದಲು ಒಡೆದದ್ದು ಮೇಲ್ವಿಚಾರಕನ ಗಾಜಿನ ಕೋಣೆ. ಆಮೇಲೆ ಕಾರುಗಳು. ಇನ್ನೂರು ಮಂದಿ ಅಂಗಳಕ್ಕೆ ಬಂದರು. ಮೆಟ್ಟಿಲಿಳಿಯುತ್ತಿದ್ದ ಖುರಾನಾನನ್ನು ಕಾಲರು ಹಿಡಿದು ಎಳೆದು, ಮುಖ ಗೋಡೆಗೆ ತಾಗುವಂತೆ ಎರಡು ಸಲ ಬಡಿದರು. ಹಲ್ಲುಗಳು ನೆಲಕ್ಕೆ ಬಿದ್ದವು. ಬಿಡಿಸಲೆಂದು ನಡುವೆ ಹೋದ ಇಂದುಶೇಖರರನ್ನು ಕಂಡು ಯಾರೋ ಅಂದರು:

“ಇವನೇ ಆ ವಿಲಾಯತಿ ಬಾಬು. ಫ್ರೆಂಚರಿಗೆ ಬರೆದಿದ್ದೀನಿ, ಉತ್ತರ ಬರುತ್ತೆ ಅಂದವನು. ಎಲ್ಲಿದೆ ಬಾಬು ನಿನ್ನ ಉತ್ತರ?”

ಮಂಗಳವಾರ ಸಂಜೆ ಮನೆಗೆ ಹೊರಟಾಗ ಗೇಟಿನ ಬಳಿ ಅವರು ಹಾಗೆ ಹೇಳಿದ್ದು ನಿಜ. ಹೇಳಲು ಬಾಯಿ ತೆರೆದರು. ಸಲಾಕೆ ಬಂತು. ತಲೆಯನ್ನು ಕಾಯಲು ಎತ್ತಿದ ಎಡಗೈಯ ಮೂಳೆ ಒಣ ಸೌದೆಯಂತೆ ಮುರಿದದ್ದು ಅವರ ಕಿವಿಗೇ ಕೇಳಿಸಿತು. ಇನ್ನೊಂದು ಏಟು ಬೆನ್ನಿಗೆ. ಬಿದ್ದರು, ಪಕ್ಕೆಗೆ ಒದೆ. ಹರ್ಷಿಣಿ ಅವರ ಮೇಲೆ ಅಡ್ಡ ಬಿದ್ದು, “ಅಣ್ಣಾ, ಇವರನ್ನಲ್ಲ, ಇವರನ್ನಲ್ಲ,” ಎಂದು ಹಿಂದಿಯಲ್ಲಿ ಅರಚುತ್ತ, ಅವರ ಕೋಟನ್ನು ಹಿಡಿದು ಮೆಟ್ಟಿಲ ಮೇಲೆ ಎಳೆದುಕೊಂಡು ಹೋದಳು. ಇನ್ನಿಬ್ಬರು ಗುಮಾಸ್ತರು ಖುರಾನಾನನ್ನು ಹೊತ್ತು ತಂದರು. ಕಚೇರಿಯ ಬಾಗಿಲಿಗೆ ಕಬ್ಬಿಣದ ಕಪಾಟನ್ನು ಒರಗಿಸಿದರು.

ಹೊರಗೆ ಸಲಾಕೆಗಳು ಬಾಗಿಲನ್ನು ಬಡಿಯತೊಡಗಿದವು. ಕೆಳಗಿನಿಂದ ಹೊಗೆಯ ವಾಸನೆ. ಅದಕ್ಕಿಂತ ಘೋರವಾದದ್ದನ್ನು ಹರ್ಷಿಣಿ ಕಿಟಕಿಯಿಂದ ಕಂಡಳು: ಕಳಚಿದ್ದ ಗಾಳಿಯ ಕೊಳವೆಯನ್ನು ಮೇಲ್ವಿಚಾರಕ ಈ ಗದ್ದಲದ ನಡುವೆಯೇ ಮತ್ತೆ ಜೋಡಿಸಿದ್ದ, ಮಧ್ಯಾಹ್ನದ ಪಾಳಿಗೆಂದು ಎರಡನೆಯ ಪ್ರೆಸ್ಸಿನ ದೀಪ ಉರಿಯುತ್ತಿತ್ತು.

“ಸರ್, ಮುಖ್ಯ ಸ್ವಿಚ್ಚಿನ ಬೀಗದ ಕೈ ಕೊಡಿ,” ಎಂದಳು ಖುರಾನಾನಿಗೆ.

ಅವನು ಬಾಯಿಂದ ಕರವಸ್ತ್ರ ತೆಗೆದ. “ಬರೆದುಕೊಡಲಿ ಅವರು. ಇಲ್ಲದೆ ನಾನು ನಿಲ್ಲಿಸಿದರೆ ತಪ್ಪು ನಂದೇ ಅಂತ ಒಪ್ಪಿಕೊಂಡ ಹಾಗೆ.”

ಇಂದುಶೇಖರರು ನೆಲದಿಂದ ಎದ್ದು ಕಂಪ್ಯೂಟರಿನ ಮುಂದೆ ಕುಳಿತರು. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು. ಹರ್ಷಿಣಿ ದುಪಟ್ಟಾದಿಂದ ಒತ್ತಿ ಹಿಡಿದಳು. ಆಗ ಫ್ರಾನ್ಸಿನಲ್ಲಿ ಬೆಳಿಗ್ಗೆ ಒಂಬತ್ತೂವರೆ. ಬಲಗೈಯ ಬೆರಳೊಂದು ‘ಪ್ರಿಯ’ ಎಂದು ತೊಡಗಿತು. ನಿಂತಿತು. ಬಾಗಿಲ ಹಲಗೆ ಸೀಳಿತು. ಅಳಿಸಿದರು.

“ನೀನೇ ಹೇಳು ತಾಯಿ, ಮೊದಲು ಏನು?”

“ಎರಡು ಕೈ ಅಂಕಲ್.”

ವಿಷಯದ ಜಾಗದಲ್ಲಿ ‘ಅಪಘಾತಗಳು, ಎರಡನೆಯ ಪ್ರೆಸ್, ತಕ್ಷಣ ಉತ್ತರ ಬೇಕು’ ಎಂದು ಬರೆದರು. ಕೆಳಗೆ:

‘ಮಹಾಶಯರೇ,

ನಿಮ್ಮ ಎರಡನೆಯ ಪ್ರೆಸ್ ಮೂರು ದಿನಗಳಲ್ಲಿ ಇಬ್ಬರ ಕೈಗಳನ್ನು ಜಜ್ಜಿದೆ. ಗುಂಡಿ ಒತ್ತದೆ ಕೆಳಗಿಳಿಯುತ್ತಿದೆ. ಈಗಲೂ ನಡೆಯುತ್ತಿದೆ. ನಿಲ್ಲಿಸಬೇಕೆಂದು ನೀವು ಬರೆಯದೆ ಇಲ್ಲಿ ನಿಲ್ಲಿಸುವವರಿಲ್ಲ. ನಿಮ್ಮ ಮೂರು ಪತ್ರಗಳಿಗೆ ನಾಲ್ಕು ವರ್ಷ ಉತ್ತರಿಸದ ತಪ್ಪು ನಮ್ಮದು.’

ಸ್ವರಚಿಹ್ನೆಗಳಿಗೆ ಎರಡು ಕೈ ಬೇಕು, ಒಂದೂ ಹಾಕಲಿಲ್ಲ. ಅವರ ಜೀವನದಲ್ಲಿ ಅವರು ಕಳಿಸಿದ ಬೋಳು ಪತ್ರ ಅದೊಂದೇ. ಕೊನೆಯ ಗೌರವದ ವಾಕ್ಯವನ್ನು ಮಾತ್ರ ಬಿಡಲಿಲ್ಲ. ಅದು ಅಲ್ಲಿ ಇರಬೇಕಾದದ್ದು, ಇದ್ದರೆ ಯಾರ ದಾರಿಗೂ ಅಡ್ಡವಲ್ಲ. ಕಳಿಸಿದರು.

ಹದಿನೇಳು ನಿಮಿಷ ಬಾಗಿಲು ತಡೆಯಿತು. ಕಪಾಟು ಅಂಗುಲ ಅಂಗುಲವಾಗಿ ಒಳಸರಿಯಿತು. ಗುಮಾಸ್ತರಲ್ಲಿ ಒಬ್ಬ ಹನುಮಂತನ ಹೆಸರನ್ನು ಜಪಿಸುತ್ತಿದ್ದ. ಇಂದುಶೇಖರರು ಏನನ್ನೂ ಜಪಿಸಲಿಲ್ಲ, ಪರದೆಯನ್ನು ನೋಡುತ್ತಿದ್ದರು. ಪ್ರಾರ್ಥನೆ ಎಂದರೆ ಅದೇ ಇರಬಹುದು: ಉತ್ತರ ಬರುವ ದಿಕ್ಕಿನಿಂದ ಕಣ್ಣು ತೆಗೆಯದಿರುವುದು.

ಬಂತು. ತೆಸ್ಸಿಯೇಯೇ ಬರೆದಿದ್ದ. ಅದರಲ್ಲೂ ಮುನ್ನುಡಿ ಇರಲಿಲ್ಲ. ‘ಮಹಾಶಯರೇ, ಪ್ರೆಸ್ಸನ್ನು ಈ ಕ್ಷಣ ನಿಲ್ಲಿಸಿ. ಗಾಳಿಯನ್ನು ಕಡಿದು, ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಮೇಲಿನ ಭಾಗ ಇಳಿಯದಂತೆ ಅಡಿಗೆ ದಿಮ್ಮಿ ಕೊಡಿ. ಗಾಳಿಯ ಕವಾಟ ಕಚ್ಚಿಕೊಂಡಿದೆ. ಕವಾಟ ಕಚ್ಚಿಕೊಂಡರೆ ಬೆಳಕಿನ ಪರದೆಯಾಗಲಿ ಗುಂಡಿಯಾಗಲಿ ಅದನ್ನು ತಡೆಯಲಾರವು. ಕೆಲಸಗಾರರ ತಪ್ಪು ಇದರಲ್ಲಿ ಇರಲಾರದು. ಪ್ರೆಸ್ಸನ್ನು ಇನ್ನೊಂದು ಸಲವೂ ಇಳಿಸಬೇಡಿ. ನಾನು ಹೊರಟು ಬರುತ್ತೇನೆ.’

ಹರ್ಷಿಣಿ ಅಚ್ಚು ತೆಗೆದಳು. ಖುರಾನಾ ಓದಿಸಿಕೊಂಡು ಬೀಗದ ಕೈಯನ್ನು ಮೇಜಿನ ಮೇಲೆ ಎಸೆದ. ಇಂದುಶೇಖರರು ಕಪಾಟಿನ ಸಂದಿಯಿಂದ, ಒಡೆದ ಹಲಗೆಗೆ ಬಾಯಿ ಕೊಟ್ಟು, ಆ ಪತ್ರವನ್ನು ಹಿಂದಿಯಲ್ಲಿ ಓದಿದರು. ‘ಕೆಲಸಗಾರರ ತಪ್ಪು ಇರಲಾರದು’ ಎಂಬಲ್ಲಿ ಬಡಿತ ನಿಂತಿತು.

“ಮತ್ತೆ ಓದು ಬಾಬು.”

ಓದಿದರು. ಹೊರಗಿನವರೇ ಹರ್ಷಿಣಿಗೆ ದಾರಿ ಬಿಟ್ಟರು. ಅವಳು ಕೆಳಗೆ ಹೋಗಿ, ಗಾಳಿ ಕಡಿದು, ಸ್ವಿಚ್ಚಿಗೆ ಬೀಗ ಹಾಕಿದಳು. ಅಷ್ಟರಲ್ಲಿ ಪೊಲೀಸರ ಲಾರಿಗಳು ಬಂದವು. ಬಂದವರು ಯಾರ ಪತ್ರವನ್ನೂ ಓದಲಿಲ್ಲ. ಅಂಗಳದಲ್ಲಿ ಸುಮ್ಮನೆ ನಿಂತಿದ್ದವರ ಮೇಲೆ ಲಾಠಿಗಳು ಬಿದ್ದವು. ಹರ್ಷಿಣಿಗೆ ದಾರಿ ಬಿಟ್ಟುಕೊಟ್ಟವರಲ್ಲೇ ಒಬ್ಬನ ತಲೆ ಮೊದಲು ಒಡೆಯಿತು.

ಶನಿವಾರ ಕಂಪನಿಯ ವಕೀಲ ದ್ವಾರಕೆಯ ಮನೆಗೆ ಬಂದ. ಅಪಘಾತದ ಸುದ್ದಿಯನ್ನು ಮಂಗಳವಾರವೇ ಸ್ಪಷ್ಟವಾಗಿ ತಿಳಿಸಲಾಗಿತ್ತು, ವಿಳಂಬ ಫ್ರೆಂಚರದು ಎಂಬ ಹೇಳಿಕೆಗೆ ಸಹಿ ಬೇಕಿತ್ತು. ವಾಸಂತಿ ಚಹಾ ತಂದಿಟ್ಟಳು.

“ಸ್ಪಷ್ಟವಾಗಿ ತಿಳಿಸಿರಲಿಲ್ಲ,” ಎಂದರು ಇಂದುಶೇಖರರು. “ಬರೆದವನು ನಾನೇ. ಸಹಿ ಹಾಕೋದಿಲ್ಲ.”

“ಅಂಕಲ್ ಜೀ, ಹಾಗಾದರೆ ಸೋಮವಾರದಿಂದ ಬರಬೇಡಿ.”

“ಅಚ್ಛಾ. ಚಹಾ ಕುಡಿದು ಹೋಗಿ.”

ಭಾನುವಾರ ಅವರು ಎಡಗೈಯ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಹೋದರು. ರಾಮ್‌ಸುಮೇರನನ್ನು ಅವನ ಮನೆಯವರು ಊರಿಗೆ ಕರೆದೊಯ್ದಿದ್ದರು. ಧರಂಪಾಲನ ಎಡಗೈ ಮೊಣಕೈಯ ಕೆಳಗೆ ಇರಲಿಲ್ಲ. ಮಂಚದ ಬಳಿ ಅವನ ತಾಯಿ ಕಿತ್ತಳೆ ಸುಲಿಯುತ್ತಿದ್ದಳು. ಇಂದುಶೇಖರರು ಹೇಗಿದ್ದೀಯ ಎಂದು ಕೇಳಲಿಲ್ಲ, ಕುಳಿತುಕೊಳ್ಳಲೂ ಇಲ್ಲ.

“ಧರಂಪಾಲ್, ಮಂಗಳವಾರ ನಾನು ಬರೆದ ಕಾಗದದ ಮೊದಲನೇ ಸಾಲಿನಲ್ಲಿ ಇರಬೇಕಾದ್ದನ್ನ ಹತ್ತನೇ ಸಾಲಿಗೆ ಇಟ್ಟೆ. ಎಲ್ಲರೂ ಕ್ಷೇಮ ಅಂತ ಮೊದಲು ಬರೆದೆ. ಅವರು ಅಲ್ಲಿಗೇ ಓದಿ ನಿಲ್ಲಿಸಿದರು. ಸರಿಯಾಗಿ ಬರೆದಿದ್ದರೆ ಬುಧವಾರವೇ ಪ್ರೆಸ್ಸು ನಿಲ್ಲುತ್ತಿತ್ತು. ನಿನ್ನ ಕೈ ಹೋದದ್ದರಲ್ಲಿ ನನ್ನ ಪಾಲಿದೆ.”

 ಧರಂಪಾಲ ಕಾಲೆತ್ತಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ, ಅವರ ಹೊಟ್ಟೆಗೆ ಒದ್ದ. ಅವರು ಪಕ್ಕದ ಮಂಚಕ್ಕೆ ಬಡಿದು ಕುಸಿದರು. ಮುರಿದ ಮೂಳೆಯ ನೋವಿಗೆ ಕಣ್ಣು ಕತ್ತಲಿಟ್ಟಿತು. ಅವನು ಎಸೆದ ಸ್ಟೀಲಿನ ಲೋಟವೊಂದು ಬಂದು ಕೆನ್ನೆಗೆ ತಾಗಿತು. ತಾಯಿ ಮಗನ ಭುಜವನ್ನು ಹಿಡಿದುಕೊಂಡಳು; ಬಿಡು ಎನ್ನಲಿಲ್ಲ, ಹೊಡಿ ಎಂದೂ ಎನ್ನಲಿಲ್ಲ. ದಾದಿ ಓಡಿ ಬಂದಳು. “ಏನೂ ಇಲ್ಲ ಸಿಸ್ಟರ್, ನಾನೇ ಎಡವಿದೆ,” ಎಂದು ಹೇಳಹೊರಟು, ಇಂದುಶೇಖರರು ತಮ್ಮನ್ನೇ ತಡೆದುಕೊಂಡರು. “ಒದ್ದ. ಕಾರಣ ಇದೆ. ನೀವು ಹೋಗಿ,” ಎಂದರು.

ಅವರು ನೆಲದ ಮೇಲೆಯೇ ಕುಳಿತರು.  ತಾಯಿ ಕಿತ್ತಳೆಯ ತೊಳೆಯೊಂದನ್ನು ಮಗನ ಬಾಯಿಗಿಟ್ಟಳು.

“ಬಾಬು,” ಎಂದ ಧರಂಪಾಲ, ಕೊನೆಗೆ. “ಕಂಪನಿಯವರು ನಾನು ಪರದೆಗೆ ತಂತಿ ಸುತ್ತಿದೆ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದಾರಂತೆ. ನನಗೆ ಲೇಬರ್ ಆಫೀಸಿಗೆ ಅರ್ಜಿ ಹಾಕಬೇಕು. ಬರೆಯೋಕೆ ಬರೋರು ನಮ್ಮಲ್ಲಿ ಯಾರೂ ಇಲ್ಲ.”

“ಬರೀತೀನಿ.”

“ಆ ಫ್ರೆಂಚ್ ಕಾಗದ?”

“ನನ್ನ ಹತ್ತಿರ ಒಂದು ಪ್ರತಿ ಇದೆ. ಅರ್ಜಿಗೆ ಲಗತ್ತಿಸ್ತೀನಿ.” ಜೇಬಿನಿಂದ ಕಾಗದವನ್ನೂ ಪೆನ್ನನ್ನೂ ತೆಗೆದು, ಮೊಣಕಾಲಿನ ಮೇಲೆ ಹರಡಿದರು. “ಹೇಳು.”

ಧರಂಪಾಲ ಗಂಟಲು ಸರಿಮಾಡಿಕೊಂಡು, ಹಿಂದಿಯಲ್ಲಿ ಅರ್ಜಿಗಳೆಲ್ಲ ತೊಡಗುವ ಹಾಗೆಯೇ ತೊಡಗಿದ. “ಸೇವೆಯಲ್ಲಿ, ಶ್ರೀಮಾನ್ ಜೀ, ಸವಿನಯ ನಿವೇದನೆ ಏನೆಂದರೆ...”

“ಅದನ್ನ ಸಹಿಯ ಹತ್ತಿರ ಹಾಕೋಣ,” ಎಂದರು ಇಂದುಶೇಖರರು. “ಅವರು ಒಂದೇ ಸಾಲು ಓದ್ತಾರೆ ಅಂದುಕೋ. ಆ ಒಂದು ಯಾವುದು?”

ಧರಂಪಾಲ ಕಣ್ಣು ಮುಚ್ಚಿದ. ಇಲ್ಲದ ಕೈಯ ಕಡೆಗೆ ಅವನ ತಲೆ ವಾಲಿತು.

“ಯಂತ್ರ ಇಳಿದಾಗ ನಾನು ಗುಂಡಿ ಮುಟ್ಟಿರಲಿಲ್ಲ,” ಎಂದ.

ಇಂದುಶೇಖರರು ಅದನ್ನು ಕಾಗದದ ತಲೆಯ ಮೇಲೆ ಬರೆದರು.